ಸಂಬಳ 26,000 ಅಂದರೆ ನಮ್ಮ ಆಸ್ತಿ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪೊನ್ನಂಪೇಟೆ ಹತ್ತಿರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಮನೆಯಲ್ಲಿ ಅವ್ವ ಮತ್ತು ನಾನು, ಜೊತೆಗೆ ಎರಡು ಎಕರೆ ರೋಬಸ್ಟಾ ತೋಟ. ಕಳೆದ ಮಾರ್ಚ್‌ನಲ್ಲಿ ಕಾಫಿ ಮಾರಿದ ದುಡ್ಡು ಖಾತೆಗೆ ಬಂದ ಸಂಜೆ ನಾನು ಅವ್ವನ ಹತ್ತಿರ ಕಾರಿನ ಮಾತು ತೆಗೆದೆ. ಪಕ್ಕದ ಮನೆಯ ಅಜ್ಜ ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತರಾದವರು. ಮಾತು ಕೇಳಿಸಿಕೊಂಡು, "ಟೀಚರೇ, ಮೊದಲು ಎರಡು ಹಾಳೆ ತನ್ನಿ" ಅಂದರು. ಆ ಎರಡು ಹಾಳೆಯ ವಿಷಯ ಸ್ಟಾಫ್ ರೂಮಿನಲ್ಲಿ, ಸಂಘದ ಸಭೆಯಲ್ಲಿ ಹೇಳಿದ ಮೇಲೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಬೆಲೆಗಳೆಲ್ಲ ನಾನು ಲೆಕ್ಕ ಬರೆದ ದಿನದವು.

## ಮೊದಲ ಪ್ರಶ್ನೆಗಳು

ಆದಾಯ ಬೇರೆ, ನಿವ್ವಳ ಆಸ್ತಿ ಬೇರೆ ಅಂತೀರಲ್ಲ, ಎರಡೂ ದುಡ್ಡೇ ಅಲ್ವಾ?

ಎರಡೂ ದುಡ್ಡೇ. ಆದರೆ ಆದಾಯವನ್ನು ಅಳೆಯಲು ಒಂದು ಅವಧಿ ಬೇಕು: ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು. ನಿವ್ವಳ ಆಸ್ತಿಗೆ ಒಂದು ದಿನಾಂಕ ಬೇಕು: ಮಾರ್ಚ್ 31ಕ್ಕೆ ಇಷ್ಟು. ಆ ದಿನ ನಮ್ಮ ಹತ್ತಿರ ಇರುವುದಕ್ಕೆಲ್ಲ ಬೆಲೆ ಕಟ್ಟಿ, ನಾವು ಕೊಡಬೇಕಾದ ಸಾಲವನ್ನೆಲ್ಲ ಕಳೆದರೆ ಉಳಿಯುವುದೇ ನಿವ್ವಳ ಆಸ್ತಿ.

ಅಜ್ಜ ಮೊದಲ ಹಾಳೆಯ ತಲೆಗೆ "ಜನವರಿ ತಿಂಗಳು" ಅಂತ ಬರೆಸಿದರು. ಎರಡನೆಯದಕ್ಕೆ "ಮಾರ್ಚ್ 31, ಸಂಜೆ" ಅಂತ. ನನಗೆ ವ್ಯತ್ಯಾಸ ಹೊಳೆದದ್ದು ಆ ಎರಡು ತಲೆಬರಹ ನೋಡಿಯೇ.

ನಿಮ್ಮ ಸಂಬಳ 28,000 ಅಂತ ಕೇಳಿದ್ದೆ, 26,000 ಹೇಗಾಯ್ತು?

ಸಂಬಳ 28,000ವೇ. ಅದರಲ್ಲಿ ಪಿಎಫ್‌ಗೆ 1,800, ವೃತ್ತಿ ತೆರಿಗೆಗೆ 200 ಹೋಗಿ ಕೈಗೆ 26,000 ಬರುತ್ತದೆ. ಈ ಎರಡು ಕಡಿತ ಒಂದೇ ಥರದವಲ್ಲ. ತೆರಿಗೆಯ 200 ಹೋಯಿತು ಅಂದರೆ ಹೋಯಿತು. ಪಿಎಫ್‌ನ 1,800 ಮಾತ್ರ ನನ್ನ ಹೆಸರಿನಲ್ಲೇ ಇನ್ನೊಂದು ಕಡೆ ಕೂತಿರುತ್ತದೆ.

ಶಾಲೆಯವರೂ 1,800 ಹಾಕುತ್ತಾರೆ. ಅದು ಪೂರ್ತಿ ನನ್ನ ಪಿಎಫ್ ಖಾತೆಗೆ ಬರುವುದಿಲ್ಲ. ಪಿಎಫ್ ಲೆಕ್ಕಕ್ಕೆ ಹಿಡಿಯುವ 15,000ದ ಮೇಲೆ ಶೇಕಡ 8.33, ಅಂದರೆ 1,250 ರೂಪಾಯಿ, ಪಿಂಚಣಿ ನಿಧಿಗೆ ಹೋಗುತ್ತದೆ. ಉಳಿದ 550 ನನ್ನ ಖಾತೆಗೆ ಸೇರುತ್ತದೆ. ಹಾಗಾಗಿ ಪಾಸ್‌ಬುಕ್‌ನಲ್ಲಿ ತಿಂಗಳಿಗೆ ಏರುವುದು 2,350. ಎರಡು ವರ್ಷ ನಾನು ಆ ಪಾಸ್‌ಬುಕ್ ತೆರೆದೇ ನೋಡಿರಲಿಲ್ಲ. ಸಂಬಳದಲ್ಲಿ ಕಡಿತವಾದದ್ದೆಲ್ಲ ಖರ್ಚು ಅಂತಲೇ ತಿಳಿದಿದ್ದೆ.

## ಬಜೆಟ್ ಹಾಳೆಯ ಬಗ್ಗೆ

ತಿಂಗಳ ಕೊನೆಗೆ ಏನೂ ಉಳಿಯಲ್ಲ. ಅಂದ್ರೆ ನಾವು ಇದ್ದಲ್ಲೇ ಇದ್ದೀವಿ ಅಂತ ತಾನೆ?

ನನಗೂ ಹಾಗೇ ಅನ್ನಿಸಿತ್ತು. ನಮ್ಮ ಜನವರಿ ತಿಂಗಳ ಹಾಳೆ ಹೀಗಿತ್ತು:

| ಖರ್ಚು | ರೂಪಾಯಿ |
|---|---|
| ದಿನಸಿ, ಹಾಲು, ಮೀನು, ಗ್ಯಾಸ್ | 9,500 |
| ಕರೆಂಟ್, ಫೋನ್, ಪೆಟ್ರೋಲ್ | 3,000 |
| ಅವ್ವನ ಔಷಧಿ | 1,600 |
| ಸ್ಕೂಟರ್ ಸಾಲದ ಕಂತು | 2,989 |
| ಚಿನ್ನದ ಸಾಲದ ಬಡ್ಡಿ | 750 |
| ಬ್ಯಾಂಕಿನ ಆರ್‌ಡಿ | 3,000 |
| ಮದುವೆ, ನಾಮಕರಣ, ಬಟ್ಟೆ | 3,000 |
| ಇತರೆ | 1,900 |

ಒಟ್ಟು 25,739. ಉಳಿದದ್ದು 261 ರೂಪಾಯಿ.

ಅಜ್ಜ ಪೆನ್ಸಿಲ್ ತೆಗೆದುಕೊಂಡು ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಕೇಳಿದರು: "ಇದು ಹೋಯ್ತಾ, ಇನ್ನೆಲ್ಲಾದರೂ ಇದೆಯಾ?" ಹಾಲು ಹೋಯಿತು. ಔಷಧಿ ಹೋಯಿತು. ಆರ್‌ಡಿಯ 3,000 ಹೋಗಿಲ್ಲ, ಬ್ಯಾಂಕಿನಲ್ಲಿದೆ. ಸ್ಕೂಟರ್ ಕಂತಿನ ಸಾಲಿಗೆ ಬಂದಾಗ ನಾನು "ಹೋಯ್ತು" ಅಂದೆ. ಅವರು ಪೆನ್ಸಿಲ್ ಕೆಳಗಿಟ್ಟು, ಬ್ಯಾಂಕಿನಿಂದ ಸಾಲದ ಸ್ಟೇಟ್‌ಮೆಂಟ್ ತರಲು ಹೇಳಿದರು.

90,000 ಸಾಲ, ಶೇಕಡ 12 ಬಡ್ಡಿ, 36 ಕಂತು. ಜನವರಿಯದು ಹತ್ತನೇ ಕಂತು. ಅದರ 2,989ರಲ್ಲಿ ಬಡ್ಡಿ 704, ಅಸಲು 2,285. ಬಡ್ಡಿ ಹೋದದ್ದೇ. ಅಸಲು ಮಾತ್ರ ನನ್ನ ಸಾಲವನ್ನು ಅಷ್ಟು ಇಳಿಸಿತು. ಸಾಲ ಇಳಿದರೆ ನಿವ್ವಳ ಆಸ್ತಿ ಏರಿದ ಹಾಗೆ.

ಈಗ ಕೂಡಿಸಿ ನೋಡಿ. ಆರ್‌ಡಿ 3,000, ಪಿಎಫ್ 2,350, ಅಸಲು 2,285, ಕೈಯಲ್ಲಿ ಉಳಿದ 261. ಒಟ್ಟು 7,896. 261 ಅಂತ ನಾನು ಬೇಜಾರು ಮಾಡಿಕೊಂಡ ತಿಂಗಳಲ್ಲಿ ಆಗಿದ್ದು ಇದು. ಆದರೆ ಈ ಲೆಕ್ಕವೂ ಪೂರ್ತಿ ಸರಿಯಲ್ಲ. ಸ್ಕೂಟರಿನ ವಿಷಯ ಬಾಕಿ ಇದೆ, ಮುಂದಿನ ಪ್ರಶ್ನೆಯಲ್ಲಿ ನೋಡೋಣ.

ಸ್ಕೂಟರ್ ನಮ್ಮದೇ ಆಸ್ತಿ ಅಲ್ವಾ? ಕಂತು ಕಟ್ಟಿದಷ್ಟೂ ಆಸ್ತಿ ಜಾಸ್ತಿ ಆಗಬೇಕಲ್ಲ?

ಆಸ್ತಿ ಹೌದು. ಆದರೆ ಅದರ ಬೆಲೆ ತಿಂಗಳು ತಿಂಗಳು ಇಳಿಯುತ್ತದೆ. 1,10,000ಕ್ಕೆ ಕೊಂಡದ್ದು. ಒಂದು ವರ್ಷದ ಮೇಲೆ ಗೋಣಿಕೊಪ್ಪಲಿನಲ್ಲಿ ಹಳೇ ಗಾಡಿ ಮಾರುವವರ ಹತ್ತಿರ ಸುಮ್ನೆ ಕೇಳಿದೆ. 80,000 ಅಂದರು. 30,000 ಇಳಿಯಿತು, ತಿಂಗಳಿಗೆ 2,500. ನಾನು ಜನವರಿಯಲ್ಲಿ ತೀರಿಸಿದ ಅಸಲು 2,285. ಅಂದರೆ ಆ ತಿಂಗಳು ಸ್ಕೂಟರ್ ಕಡೆಯಿಂದ ನನ್ನ ನಿವ್ವಳ ಆಸ್ತಿ 215 ರೂಪಾಯಿ ಇಳಿದೇ ಇತ್ತು.

ಹಾಗಾಗಿ 7,896ರಿಂದ 2,500 ಕಳೆಯಬೇಕು. ಜನವರಿಯಲ್ಲಿ ನಿಜವಾಗಿ ಬೆಳೆದದ್ದು 5,396. ಮೊದಲ ವರ್ಷ ಗಾಡಿಯ ಬೆಲೆ ಬೇಗ ಇಳಿಯುತ್ತದೆ, ಆಮೇಲೆ ನಿಧಾನ. ಕಂತಿನಲ್ಲಿ ಅಸಲಿನ ಪಾಲು ಮೊದಲು ಕಡಿಮೆ, ಆಮೇಲೆ ಜಾಸ್ತಿ. ಎರಡೂ ಸೇರಿ ಮೊದಲ ವರ್ಷವೇ ಭಾರ. ಮಳೆಗಾಲದಲ್ಲಿ ಬಸ್ಸಿಗೆ ಕಾದು ನಿಲ್ಲುವ ಕಷ್ಟ ನನಗೆ ಗೊತ್ತು, ಸ್ಕೂಟರ್ ಕೊಂಡದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅದು ಶಾಲೆಗೆ ಹೋಗಿಬರುವ ಖರ್ಚು. ಅದನ್ನು ಉಳಿತಾಯ ಅಂತ ಬರೆಯಬಾರದು, ಅಷ್ಟೇ.

ಬಜೆಟ್ ಬರೆಯುವಾಗ ಎಲ್ಲಿ ತಪ್ಪಾಗುತ್ತೆ?

ವರ್ಷಕ್ಕೊಮ್ಮೆ ಬರುವ ಖರ್ಚುಗಳಲ್ಲಿ. ಗಾಡಿಯ ಇನ್ಶೂರೆನ್ಸ್, ಮಳೆಗಾಲದ ಮುಂಚೆ ಹೆಂಚು ಸರಿಮಾಡಿಸುವುದು, ಹುತ್ತರಿಯ ಖರ್ಚು ಜನವರಿಯ ಹಾಳೆಯಲ್ಲಿ ಕಾಣುವುದೇ ಇಲ್ಲ. ಇವನ್ನು ಕೂಡಿಸಿ ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳೂ ಬರೆಯಬೇಕು. ನಮ್ಮ ಹಾಳೆಯ "ಇತರೆ 1,900" ಅಂತ ಇರುವುದರಲ್ಲಿ ಹೆಚ್ಚಿನದು ಇದೇ.

## ತೋಟ ಇರುವ ಮನೆಯವರು ಕೇಳುವುದು

ಮಾರ್ಚ್‌ನಲ್ಲಿ ಎರಡು ಲಕ್ಷ ಬಂತು ಅಂದ್ರೆ ಆ ತಿಂಗಳ ಆದಾಯ ಎರಡು ಲಕ್ಷ ಅಲ್ವಾ?

ಖಾತೆಗೆ ಬಂದದ್ದು ಹೌದು. 22 ಮೂಟೆ ಒಣ ಕಾಫಿ, 50 ಕಿಲೋ ಮೂಟೆಗೆ 9,000ದಂತೆ 1,98,000. ಆದರೆ ಅದು ಮಾರ್ಚ್ ತಿಂಗಳ ದುಡಿಮೆ ಅಲ್ಲ. ಹಿಂದಿನ ವರ್ಷದ ಹೂಮಳೆಯಿಂದ ಈ ವರ್ಷದ ಕುಯ್ಲಿನವರೆಗಿನ ಹನ್ನೆರಡು ತಿಂಗಳ ಫಲ ಒಂದೇ ದಿನ ಖಾತೆಗೆ ಬಂದು ಬೀಳುತ್ತದೆ.

ಗೊಬ್ಬರ, ಕಳೆ, ಚಿಗುರು ತೆಗೆಯುವುದು, ನೀರು, ಕುಯ್ಲಿನ ಕೂಲಿ ಎಲ್ಲ ಸೇರಿ ವರ್ಷಕ್ಕೆ 90,000 ಆಗಿತ್ತು. ಕಳೆದರೆ 1,08,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,000. ನಮ್ಮ ತೋಟದ ಮಾಸಿಕ ಆದಾಯ ಅಂದರೆ ಇದು.

ಇದನ್ನೂ ಪೂರ್ತಿ ನಂಬುವ ಹಾಗಿಲ್ಲ. ಮಾರ್ಚ್ ಹೊತ್ತಿಗೆ ಹೂಮಳೆ ಸರಿಯಾಗಿ ಬೀಳದಿದ್ದರೆ, ಜುಲೈ ಆಗಸ್ಟ್‌ನಲ್ಲಿ ಮಳೆ ಜಾಸ್ತಿಯಾಗಿ ಕಾಯಿ ಉದುರಿದರೆ ಮೂಟೆ ಕಡಿಮೆಯಾಗುತ್ತದೆ. ಅದರ ಹಿಂದಿನ ವರ್ಷ ನಮಗೆ ಬಂದದ್ದು 15 ಮೂಟೆ. ಇದೇ ಬೆಲೆ ಹಿಡಿದರೂ 1,35,000. ಕುಯ್ಲಿನ ಕೂಲಿ ಇಳಿದು ಖರ್ಚು 80,000 ಅಂದುಕೊಂಡರೂ ಉಳಿಯುವುದು 55,000, ತಿಂಗಳಿಗೆ 4,600ಕ್ಕೂ ಕಡಿಮೆ. ಮನೆಯ ಬಜೆಟ್ ಹಾಕುವಾಗ ನಾನು ಈಗ ಈ ಕೆಟ್ಟ ವರ್ಷದ ಅಂಕಿಯನ್ನೇ ಬರೆಯುತ್ತೇನೆ. ಕಾರಿನ ಕಂತು ಪ್ರತಿ ತಿಂಗಳೂ ಕಟ್ಟಬೇಕು, ಕಾಫಿ ಪ್ರತಿ ತಿಂಗಳೂ ಬರುವುದಿಲ್ಲ.

ಕಣದಲ್ಲಿ ಒಣಗ್ತಾ ಇರೋ ಕಾಫಿ, ಅಟ್ಟದ ಮೇಲಿನ ಕರಿಮೆಣಸು, ಇವೆಲ್ಲ ಯಾವ ಹಾಳೆಗೆ?

ಮಾರುವ ತನಕ ಎರಡನೇ ಹಾಳೆಗೆ, ಆಸ್ತಿಯ ಕಡೆ. ನಮ್ಮ ಅಟ್ಟದಲ್ಲಿ 40 ಕಿಲೋ ಮೆಣಸು ಇತ್ತು. ಕಿಲೋಗೆ 600ರಂತೆ 24,000. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ, ಅದಕ್ಕೇ ನಮ್ಮ ಕಡೆ ಅದನ್ನು ಕಷ್ಟಕಾಲಕ್ಕೆ ಅಂತ ಇಟ್ಟಿರುತ್ತಾರೆ.

ಕಾಫಿಗೆ ಬೆಲೆ ಕಟ್ಟುವಾಗ ಒಂದು ಎಚ್ಚರ ಬೇಕು. ಪೂರ್ತಿ ಒಣಗದ ಕಾಫಿಯನ್ನು ತೂಗಿ ಮೂಟೆ ಲೆಕ್ಕ ಹಾಕಿದರೆ ನೀರಿಗೂ ಬೆಲೆ ಕಟ್ಟಿದ ಹಾಗಾಗುತ್ತದೆ. ಅವ್ವ ಒಂದು ಹಿಡಿ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ ಅಂತ. ಆ ಸದ್ದು ಬರುವ ತನಕ ನಾನು ಹಾಳೆಯಲ್ಲಿ ಮೂಟೆಯ ಅಂಕಿ ಬರೆಯುವುದಿಲ್ಲ.

ಚಿನ್ನ ಅಡವಿಟ್ಟು ತಂದ ದುಡ್ಡು ಆದಾಯಕ್ಕೆ ಬರುತ್ತಾ?

ಬರುವುದಿಲ್ಲ. 1,00,000 ಕೈಗೆ ಬಂದ ಕ್ಷಣವೇ 1,00,000 ಸಾಲವೂ ಬಂತು. ನಿವ್ವಳ ಆಸ್ತಿ ಒಂದು ರೂಪಾಯಿಯೂ ಏರಲಿಲ್ಲ. ಒಡವೆ ಮಾರಿದರೂ, ತೋಟದ ಸಿಲ್ವರ್ ಮರ ಕಡಿಸಿ ಮಾರಿದರೂ ಹಾಗೇ: ಇದ್ದ ಆಸ್ತಿ ದುಡ್ಡಿನ ರೂಪಕ್ಕೆ ತಿರುಗಿತು, ಅಷ್ಟೇ. ಇಂಥ ದುಡ್ಡನ್ನು ಸಂಬಳದ ಸಾಲಿನಲ್ಲಿ ಸೇರಿಸಿ ಬರೆದರೆ ಆ ತಿಂಗಳು ಮನೆ ಸುಖವಾಗಿದ್ದ ಹಾಗೆ ಕಾಣುತ್ತದೆ. ನಮ್ಮ ಹಳೇ ಡೈರಿಯಲ್ಲಿ ನಾನು ಹಾಗೇ ಬರೆದಿದ್ದೆ.

## ಎರಡನೇ ಹಾಳೆ

ನಿಮ್ಮ ಮನೆಯ ನಿವ್ವಳ ಆಸ್ತಿ ಎಷ್ಟು ಬಂತು? ಲೆಕ್ಕ ತೋರಿಸಿ.

ಮಾರ್ಚ್ 31, ಸಂಜೆ. ಕಾಫಿ ದುಡ್ಡು ಬಂದಿದೆ, ಸಾಲ ಇನ್ನೂ ತೀರಿಸಿಲ್ಲ.

| ಇರುವುದು | ರೂಪಾಯಿ |
|---|---|
| ಉಳಿತಾಯ ಖಾತೆ | 2,10,000 |
| ಆರ್‌ಡಿ, 14 ತಿಂಗಳದ್ದು | 43,700 |
| ಪಿಎಫ್ | 61,000 |
| ಒಡವೆ, 40 ಗ್ರಾಂ | 2,80,000 |
| ಸ್ಕೂಟರ್ | 80,000 |
| ಕರಿಮೆಣಸು | 24,000 |
| ಒಟ್ಟು | 6,98,700 |

ಕೊಡಬೇಕಾದದ್ದು: ಚಿನ್ನದ ಸಾಲ 1,00,000, ಸ್ಕೂಟರ್ ಸಾಲ 63,500, ಗೊಬ್ಬರದ ಅಂಗಡಿಯ ಬಾಕಿ 15,200. ಒಟ್ಟು 1,78,700. ಕಳೆದರೆ 5,20,000.

ಒಡವೆಗೆ ನಾವು ಕೊಂಡ ಬೆಲೆ ಹಾಕಲಿಲ್ಲ. ಅಂಗಡಿಯವರು ಅಂದು ವಾಪಸ್ ತೆಗೆದುಕೊಳ್ಳುವ ದರ, ಗ್ರಾಂಗೆ 7,000, ಹಾಕಿದೆವು. ಮಜೂರಿ, ವೇಸ್ಟೇಜ್‌ಗೆ ಕೊಟ್ಟದ್ದು ವಾಪಸ್ ಬರುವುದಿಲ್ಲ. ಅಜ್ಜ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದರು: ಪ್ರತಿಯೊಂದಕ್ಕೂ ಇವತ್ತು ಮಾರಿದರೆ ಎಷ್ಟು ಸಿಗುತ್ತದೋ ಅಷ್ಟೇ ಬರೆಯಬೇಕು.

ತೋಟ ಮತ್ತು ಮನೆಯನ್ನೇ ಬಿಟ್ಟಿದ್ದೀರಲ್ಲ! ಅದೇ ಅಲ್ವಾ ದೊಡ್ಡ ಆಸ್ತಿ?

ಬೇಕೆಂದೇ ಬಿಟ್ಟೆ. ನಮ್ಮದು ಜಮ್ಮಾ ಜಾಗ. ಪಹಣಿಯಲ್ಲಿ ಪಟ್ಟೆದಾರರ ಹೆಸರಿದೆ, ಕುಟುಂಬದ ಹಲವರ ಪಾಲಿದೆ. ಅವ್ವ ಎರಡು ಎಕರೆಯಲ್ಲಿ ಬೆಳೆ ತೆಗೆಯುತ್ತಾರೆ, ಆದರೆ ನಾಳೆ ಒಬ್ಬರೇ ಹೋಗಿ ಮಾರುವ ಹಾಗಿಲ್ಲ. ಅಂಥ ಜಾಗಕ್ಕೆ ಪಕ್ಕದ ಎಸ್ಟೇಟ್ ಮಾರಿದ ದರ ಹಾಕಿ ಕೋಟಿಯ ಲೆಕ್ಕ ಬರೆದರೆ ಹಾಳೆ ಚೆಂದ ಕಾಣುತ್ತದೆ. ಆದರೆ ಆ ಅಂಕಿಯನ್ನು ನೋಡಿ ನಾವು ಯಾವ ತೀರ್ಮಾನವನ್ನೂ ತೆಗೆದುಕೊಳ್ಳಲಾರೆವು.

ಹಾಗಂತ ಅದು ಇಲ್ಲವೇ ಇಲ್ಲ ಅಂತಲ್ಲ. ಹಾಳೆಯ ಕೆಳಗೆ ಗೆರೆ ಎಳೆದು "ತೋಟ, ಮನೆ, ಅವ್ವನ ಪಾಲು" ಅಂತ ಬರೆದಿದ್ದೇನೆ. ಮುಂದೆ ಬೆಲೆ ಹಾಕಿಲ್ಲ. ಅದರಿಂದ ಬರುವ ಕಾಫಿ ಈಗಾಗಲೇ ಮೊದಲ ಹಾಳೆಗೆ ಬಂದಿದೆ. ಸ್ವಂತ ಹೆಸರಿನಲ್ಲಿ ಸ್ಪಷ್ಟ ದಾಖಲೆ ಇರುವ ಜಾಗ ಇದ್ದವರು ಬೆಲೆ ಹಾಕಬಹುದು.

ಅವ್ವನ ಒಡವೆ ನಿಮ್ಮ ಆಸ್ತಿ ಹೇಗಾಗುತ್ತೆ ಟೀಚರ್?

ಆಗುವುದಿಲ್ಲ. 5,20,000 ಅನ್ನುವುದು ಮನೆಯ ಲೆಕ್ಕ. ನನ್ನದೇ ಬೇರೆ ತೆಗೆದರೆ ಆರ್‌ಡಿ, ಪಿಎಫ್, ಸ್ಕೂಟರ್, ಖಾತೆಯಲ್ಲಿ ನನ್ನ 12,000, ಇಷ್ಟರಿಂದ ಸ್ಕೂಟರ್ ಸಾಲ ಕಳೆದು 1,33,200. ಖರ್ಚು ಒಟ್ಟಿಗೆ ನಡೆಯುವುದರಿಂದ ಮನೆಯ ಲೆಕ್ಕವೂ ಬೇಕು. ಆದರೆ ಒಡವೆ, ಕಾಫಿ ದುಡ್ಡಿನ ಬಗ್ಗೆ ಕೊನೆಯ ಮಾತು ಅವ್ವನದು. ಎರಡೂ ಅಂಕಿಗಳನ್ನು ಬೇರೆ ಬೇರೆ ಬರೆದಿಟ್ಟ ಮೇಲೆ ನಮ್ಮಿಬ್ಬರ ಮಾತುಕತೆ ಸಲೀಸಾಯಿತು.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಐದು ಲಕ್ಷ ಆಸ್ತಿ ಇದ್ದರೂ ತಿಂಗಳ ಕೊನೆಗೆ ಕೈ ಖಾಲಿ ಯಾಕೆ?

ಆ ಐದು ಲಕ್ಷದಲ್ಲಿ ಅಂದು ಕೈಗೆ ಸಿಗುವುದು ಎಷ್ಟು ಅಂತ ನೋಡಿ. ಪಿಎಫ್ ಬೇಕೆಂದಾಗ ಪೂರ್ತಿ ತೆಗೆಯಲು ಬರುವುದಿಲ್ಲ. ಸ್ಕೂಟರ್ ಮಾರಿದರೆ ಶಾಲೆಗೆ ಹೋಗುವುದು ಹೇಗೆ? ಒಡವೆ ಬ್ಯಾಂಕಿನ ಲಾಕರಿನಲ್ಲಿ ಅಡವಿದೆ. ಮೆಣಸು ಮಾರಬಹುದು, ಆರ್‌ಡಿ ಮುರಿಸಬಹುದು, ಬಡ್ಡಿ ಸ್ವಲ್ಪ ಕಡಿಮೆ ಸಿಗುತ್ತದೆ. ಹಾಗಾಗಿ ನಾನು ಹಾಳೆಯಲ್ಲಿ ಒಂದು ವಾರದೊಳಗೆ ದುಡ್ಡಾಗುವ ಸಾಲುಗಳ ಮುಂದೆ ಒಂದು ಚುಕ್ಕೆ ಇಡುತ್ತೇನೆ. ಆಸ್ಪತ್ರೆಯ ಖರ್ಚು ಬಂದರೆ ನೋಡಬೇಕಾದದ್ದು ಆ ಚುಕ್ಕೆಯ ಸಾಲುಗಳನ್ನು.

ಸಾಲ ಕೇಳಿದರೆ ಬ್ಯಾಂಕಿನವರು ಯಾವ ಹಾಳೆ ನೋಡ್ತಾರೆ?

ಗಾಡಿ ಸಾಲಕ್ಕೆ, ಪರ್ಸನಲ್ ಲೋನ್‌ಗೆ ಮುಖ್ಯವಾಗಿ ಸಂಬಳದ ಚೀಟಿ, ಈಗ ಕಟ್ಟುತ್ತಿರುವ ಕಂತುಗಳು, ಹಿಂದಿನ ಸಾಲ ಕಟ್ಟಿದ ದಾಖಲೆ. ಚಿನ್ನದ ಸಾಲಕ್ಕೆ ಮುಖ್ಯವಾಗಿ ಚಿನ್ನ. ಕೈತುಂಬ ಸಂಬಳ ಇರುವವರಿಗೆ ಸಾಲದ ಮೇಲೆ ಸಾಲ ಸುಲಭವಾಗಿ ಸಿಗುವುದು ಇದರಿಂದಲೇ. ಸಂಬಳ ನನ್ನ ಎರಡರಷ್ಟಿದ್ದು, ಇರುವುದಕ್ಕಿಂತ ಸಾಲವೇ ಜಾಸ್ತಿಯಾಗಿ ನಿವ್ವಳ ಆಸ್ತಿ ಸೊನ್ನೆಗಿಂತ ಕೆಳಗೆ ಹೋದ ಮನೆಯ ಹಾಳೆಯನ್ನೂ ನಾನು ಬರೆದುಕೊಟ್ಟಿದ್ದೇನೆ.

ಕೊನೆಗೆ ಆ ಎರಡು ಲಕ್ಷ ಏನು ಮಾಡಿದ್ರಿ? ಕಾರು ಬಂತಾ?

ಬರಲಿಲ್ಲ. ಮೊದಲು ಚಿನ್ನದ ಸಾಲದ 1,00,000 ತೀರಿಸಿದೆವು. ಇಲ್ಲಿ ಒಂದು ವಿಷಯ ಗಮನಿಸಿ: ಖಾತೆಯಲ್ಲಿ ಲಕ್ಷ ಇಳಿಯಿತು, ಸಾಲವೂ ಲಕ್ಷ ಇಳಿಯಿತು. ನಿವ್ವಳ ಆಸ್ತಿ 5,20,000 ಇದ್ದದ್ದು ಹಾಗೇ ಇತ್ತು. ಬದಲಾದದ್ದು ಮೊದಲ ಹಾಳೆ. ತಿಂಗಳಿಗೆ 750ರ ಬಡ್ಡಿಯ ಸಾಲು ಅಳಿಸಿಹೋಯಿತು.

ಆಮೇಲೆ ಗೊಬ್ಬರದ ಅಂಗಡಿಯ 15,200. ಖಾತೆಯಲ್ಲಿ ಉಳಿದದ್ದು 94,800. ತೋಟಕ್ಕೆ ವರ್ಷಕ್ಕೆ ಬೇಕಾದದ್ದು 90,000. ಅದನ್ನು ಮುಟ್ಟದೆ ಬೇರೆ ಖಾತೆಗೆ ಹಾಕಿದರೆ ಈ ಸಲ ಒಡವೆ ಅಡವಿಡುವ ಕೆಲಸವೇ ಇಲ್ಲ. "ಇದಕ್ಕೆ ಮೊದಲು ಯಾಕೆ ಹೀಗೆ ಮಾಡಲಿಲ್ಲ?" ಅಂತ ಅವ್ವನನ್ನು ಕೇಳಿದೆ. ಪ್ರತಿ ಮಾರ್ಚ್‌ನಲ್ಲೂ ಸಾಲ ತೀರಿಸಿ ಉಳಿದದ್ದು ಮನೆಗೆ ಖರ್ಚಾಗುತ್ತಿತ್ತು, ಜೂನ್‌ನಲ್ಲಿ ಗೊಬ್ಬರಕ್ಕೆ ಮತ್ತೆ ಬ್ಯಾಂಕಿಗೆ ಹೋಗುತ್ತಿದ್ದೆವು ಅಂದರು. ಆಗ ನನ್ನ ಸಂಬಳ ಇರಲಿಲ್ಲ. ಈಗ ಮನೆಯ ಖರ್ಚನ್ನು ಸಂಬಳ ಹೊರುತ್ತದೆ, ಕಷ್ಟಪಟ್ಟಾದರೂ.

ಏಪ್ರಿಲ್ ಮೊದಲ ವಾರ ಇಬ್ಬರೂ ಬ್ಯಾಂಕಿಗೆ ಹೋದೆವು. ಅರಗಿನ ಮುದ್ರೆ ಒತ್ತಿದ ಬಟ್ಟೆಯ ಚೀಲವನ್ನು ನಮ್ಮ ಎದುರೇ ಕತ್ತರಿಸಿ, ತೂಕ ಮಾಡಿ ತೋರಿಸಿದರು. ಅವ್ವ ಬಳೆ ಎರಡು, ಸರ ಒಂದು, ಓಲೆ ಒಂದು ಜೊತೆ ಅಂತ ಬೆರಳಲ್ಲಿ ಎಣಿಸಿ, ಬಳೆಗಳನ್ನು ಚೀಲಕ್ಕೆ ಹಾಕದೆ ಅಲ್ಲೇ ಕೈಗೆ ಏರಿಸಿಕೊಂಡರು. ವಾಪಸ್ ಬರುವಾಗ ಸ್ಕೂಟರಿನಲ್ಲಿ ಹಿಂದೆ ಕೂತು ನನ್ನ ಭುಜ ಹಿಡಿದಿದ್ದರು. ಗುಂಡಿ ಬಂದಾಗಲೆಲ್ಲ ಬಳೆಯ ಸದ್ದು ನನ್ನ ಕಿವಿಯ ಹತ್ತಿರವೇ ಕೇಳುತ್ತಿತ್ತು.